ಬಿಸಿಬೇಳೆ ಬಾತ್: ಅಡುಗೆ ಮತ್ತು ಪ್ಯಾಕಿಂಗ್ ಕ್ರಮ

ಎರಡೂ ಪಾಳಿಯವರಿಗೆ ಇದೇ ಕ್ರಮ. ಕಣ್ಣಳತೆ ಬೇಡ, ತಕ್ಕಡಿ ಇಟ್ಟಿರುವುದೇ ಅದಕ್ಕೆ.

ಒಂದು ಬ್ಯಾಚಿಗೆ ಸೋನಾ ಮಸೂರಿ 1 ಕೆಜಿ, ತೊಗರಿಬೇಳೆ 750 ಗ್ರಾಂ, ಹೆಚ್ಚಿದ ತರಕಾರಿ 1 ಕೆಜಿ, ಹುಣಸೆಹಣ್ಣು 120, ಬೆಲ್ಲ 60, ಉಪ್ಪು 90, ನಮ್ಮ ಬಾತ್ ಪುಡಿ 150 ಗ್ರಾಂ. ನೀರು ಒಟ್ಟು 7 ಲೀಟರ್. ಹುಣಸೆ ನೆನೆಸಿದ್ದೂ ಇದರಲ್ಲೇ ಸೇರಿತು.

ಅಕ್ಕಿ ಬೇಳೆ ಬೆಂದ ಮೇಲೆ ಹುಣಸೆರಸವನ್ನು ಹಸಿವಾಸನೆ ಹೋಗುವವರೆಗೆ ಬೇರೆಯೇ ಕುದಿಸಿ, ಆಮೇಲೆ ಬೆರೆಸಿ. ಹದ ನೋಡುವುದು ಹೀಗೆ: ಸೌಟಿನಿಂದ ಸುರಿದರೆ ಬಾತ್ ಜಾರಿ ಬೀಳಬೇಕು, ಮುದ್ದೆಯಾಗಿ ಉದುರಬಾರದು. ಒಲೆ ಮೇಲೆ ಸ್ವಲ್ಪ ತೆಳ್ಳಗೆ ಕಂಡರೆ ಸರಿಯಾಗಿದೆ ಎಂದರ್ಥ. ಗಿರಾಕಿ ಮನೆ ಮುಟ್ಟುವಷ್ಟರಲ್ಲಿ ಅದು ಬಿಗಿಯುತ್ತದೆ. ಹೋದ ತಿಂಗಳು ‘ಗಟ್ಟಿ ಇಟ್ಟಿಗೆ’ ಎಂದು ರಿವ್ಯೂ ಬಂದದ್ದು ಇದನ್ನು ಮರೆತ ದಿನವೇ. ಗಟ್ಟಿಯಾದರೆ ಕುದಿಯುವ ನೀರನ್ನೇ ಹಾಕಿ, ಒಮ್ಮೆಗೆ 200 ಎಂಎಲ್. ತಣ್ಣೀರು ಬೇಡವೇ ಬೇಡ.

ಪ್ಯಾಕಿಂಗ್: ಖಾಲಿ ಡಬ್ಬಿ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಬಾತ್ 350 ಗ್ರಾಂ, ಹೆಚ್ಚುಕಡಿಮೆ 10 ಗ್ರಾಂ ನಡೆಯುತ್ತದೆ. ಮೇಲೆ ಒಂದು ಚಮಚ ತುಪ್ಪ, ನಾಲ್ಕು ಗೋಡಂಬಿ. ಖಾರಾಬೂಂದಿ 15 ಗ್ರಾಂ ಬೇರೆ ಪೊಟ್ಟಣದಲ್ಲಿ. ಒಳಗೆ ಹಾಕಿದರೆ ಮೆತ್ತಗಾಗುತ್ತದೆ.

ಪಾತ್ರೆಯಲ್ಲಿ ಉಳಿದದ್ದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಪ್ರತಿ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ಪುಸ್ತಕದಲ್ಲಿ ಬರೆಯಿರಿ.

ಮೊದಲ ಡಬ್ಬಿ ಮುಚ್ಚುವ ಮುನ್ನ ಅಡುಗೆ ಮಾಡದ ಒಬ್ಬರು ರುಚಿ ನೋಡಿ ಸಹಿ ಹಾಕಬೇಕು. ಉಪ್ಪು ಖಾರ ಬದಲಿಸಬೇಕೆನಿಸಿದರೆ ನನಗೆ ಫೋನ್ ಮಾಡಿ, ನೀವೇ ಸರಿಪಡಿಸಬೇಡಿ.