ಪುಣೆ ಭಾಗದ ಸಣ್ಣ ಹಿಡುವಳಿದಾರರಿಗೆ: ಹಿಂಗಾರಿ ಉಳ್ಳಾಗಡ್ಡಿ ನಾಟಿ

ಜುನ್ನರ, ಖೇಡ ತಾಲ್ಲೂಕುಗಳಲ್ಲಿ ಹೊಲವನ್ನು ಲಾವಣಿಗೆ ಹಿಡಿದಿರುವ ನಮ್ಮ ಕನ್ನಡಿಗ ರೈತರು ನವೆಂಬರ್ ಮಧ್ಯದೊಳಗೆ ಸಸಿಮಡಿ ಮಾಡಿದರೆ, ಡಿಸೆಂಬರ್ ಕೊನೆಯಿಂದ ಜನವರಿ ಮೊದಲ ವಾರದೊಳಗೆ ಸುಮಾರು 50 ದಿನಗಳ ಸಸಿ ನಾಟಿಗೆ ಸಿದ್ಧವಾಗುತ್ತದೆ. ತಡವಾದಷ್ಟೂ ಬಿಸಿಲು ಬೇಗ ಏರಿ ಗಡ್ಡೆ ಸಣ್ಣದಾಗುತ್ತದೆ.

ಎಕರೆಗೆ 3 ಕಿಲೋ ಬೀಜ ಸಾಕು. ರಾಜಗುರುನಗರದ ಸಂಶೋಧನಾ ನಿರ್ದೇಶನಾಲಯದ ಭೀಮಾ ಶಕ್ತಿ ತಳಿಯು ಈ ಹಂಗಾಮಿಗೆ ಹೊಂದುತ್ತದೆ. ಈ ವರ್ಷ ನಮ್ಮೂರಿನಲ್ಲಿ ಬೀಜಕ್ಕೆ ಆರು ಸಾವಿರ, ನಾಟಿ ಕೂಲಿಗೆ ಹನ್ನೆರಡು ಸಾವಿರ ರೂಪಾಯಿ ಬಿದ್ದಿದೆ. ಕೂಲಿ ಉಳಿಸಲೆಂದು ಸಾಲಿನಿಂದ ಸಾಲಿಗೆ 15, ಸಸಿಯಿಂದ ಸಸಿಗೆ 10 ಸೆಂಟಿಮೀಟರ್ ಅಂತರವನ್ನು ಸಡಿಲಿಸುವುದು ನನ್ನ ಮಟ್ಟಿಗೆ ಸುಳ್ಳು ಉಳಿತಾಯ.

ಮೋಡ ಮುಸುಕಿ ಇಬ್ಬನಿ ಬಿದ್ದ ದಿನಗಳಲ್ಲಿ ಎಲೆಗಳ ಮೇಲೆ ನೇರಳೆ ಮಚ್ಚೆ ಕಂಡೊಡನೆ, ಲೀಟರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಬೆರೆಸಿ, ಎಲೆಯ ಮೇಣದಲ್ಲಿ ಹನಿ ಜಾರದಂತೆ ಅಂಟು ದ್ರಾವಣವನ್ನೂ ಸೇರಿಸಿ ಸಿಂಪಡಿಸಬೇಕು.

ಕೀಳುವ 10–15 ದಿನ ಮೊದಲೇ ನೀರು ನಿಲ್ಲಿಸಿ, ಅರ್ಧದಷ್ಟು ಗಿಡಗಳ ಕುತ್ತಿಗೆ ಬಾಗಿದಾಗ ಕಿತ್ತು, ಗಡ್ಡೆಗಳನ್ನು ಅವುಗಳ ಎಲೆಯಿಂದಲೇ ಮುಚ್ಚಿ ಹೊಲದಲ್ಲಿ ಮೂರು ದಿನ ಒಣಗಿಸಬೇಕು. ಏಪ್ರಿಲ್‌ನಲ್ಲಿ ಅಕಾಲಿಕ ಮಳೆ, ಆಲಿಕಲ್ಲು ಬೀಳುವುದುಂಟು. ಆದ್ದರಿಂದ ತಾಡಪತ್ರಿಯನ್ನು ಮೊದಲೇ ತಂದಿಟ್ಟುಕೊಳ್ಳಿ.