ಬಿತ್ತನೆ ತಿಂಗಳಲ್ಲೇ ಊರಹಬ್ಬ ಬಂದರೆ? ಮೆಕ್ಸಿಕೊದ ಒಂದು ಅಧ್ಯಯನ

ಹಾಸನ: ರಾಗಿ ಕೊಯ್ಯಲು ಆಳು ಸಿಗದ ವಾರದಲ್ಲೇ ಊರ ದೇವರ ಜಾತ್ರೆ ಬಂತು ಅಂದುಕೊಳ್ಳಿ. ಮನೆ ತುಂಬಾ ನೆಂಟರು. ಕೈಯಲ್ಲಿದ್ದ ದುಡ್ಡು ಬಟ್ಟೆಗೆ, ಅಡುಗೆಗೆ, ದೇವರ ವಂತಿಗೆಗೆ ಹೋಗುತ್ತದೆ. ಹೊಲ ಕಾಯುತ್ತಾ ಕೂರುತ್ತದೆ. ಒಂದು ವರ್ಷ ಹೀಗಾದರೆ ಸುಧಾರಿಸಿಕೊಳ್ಳಬಹುದು. ತಲೆಮಾರುಗಟ್ಟಲೆ ಪ್ರತಿ ವರ್ಷವೂ ಹೀಗೇ ಆದರೆ?

ಎಡ್ವಾರ್ಡೊ ಮೊಂಟೆರೊ ಮತ್ತು ಡೀನ್ ಯಾಂಗ್ ಎಂಬ ಅರ್ಥಶಾಸ್ತ್ರಜ್ಞರು ಇಂಥದ್ದೇ ಪ್ರಶ್ನೆಗೆ ಮೆಕ್ಸಿಕೊದಲ್ಲಿ ಉತ್ತರ ಹುಡುಕಿದ್ದಾರೆ. ಅವರ ಅಧ್ಯಯನ 2022ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟವಾಗಿದೆ.

ನಮ್ಮಲ್ಲಿ ಊರಿಗೊಬ್ಬ ಗ್ರಾಮದೇವತೆ ಇರುವಂತೆ, ಮೆಕ್ಸಿಕೊದ ಕ್ಯಾಥೊಲಿಕ್ ಊರುಗಳಿಗೆ ಒಬ್ಬೊಬ್ಬ ಸಂತರಿದ್ದಾರೆ. ಆ ಸಂತರ ದಿನವೇ ಊರಹಬ್ಬ. ತಾರೀಖು ಪ್ರತಿ ವರ್ಷ ಒಂದೇ. ರೈತರ ಸಂತ ಇಸಿಡೋರ್‌ನ ದಿನ ಮೇ 15. ಸ್ಯಾಂಟಿಯಾಗೊನ ದಿನ ಜುಲೈ 25. ಗ್ವಾಡಲೂಪೆ ಮಾತೆಯ ಹಬ್ಬ ಡಿಸೆಂಬರ್ 12. ಹಾಗಾಗಿ ಒಂದು ಊರಿನ ಹಬ್ಬ ಬಿತ್ತನೆಯ ಭರಾಟೆಯಲ್ಲಿ ಬರುತ್ತದೆ, ಇನ್ನೊಂದರದ್ದು ಹೊಲದಲ್ಲಿ ಅಷ್ಟೇನೂ ಕೆಲಸ ಇಲ್ಲದಾಗ ಬರುತ್ತದೆ. ಬಿತ್ತನೆ, ಕೊಯ್ಲಿನ ತಿಂಗಳೂ ಎಲ್ಲ ಕಡೆ ಒಂದೇ ಅಲ್ಲ. ಒಂದೇ ಸಂತನ ಹಬ್ಬ ಒಂದು ಕಡೆ ಬಿಡುವಿನ ಕಾಲಕ್ಕೆ ಬಿದ್ದರೆ, ಇನ್ನೊಂದು ಕಡೆ ಕೆಲಸದ ಕಾಲಕ್ಕೆ ಬೀಳುತ್ತದೆ. ಈ ವ್ಯತ್ಯಾಸವನ್ನೇ ಹಿಡಿದುಕೊಂಡು ಸಂಶೋಧಕರು ಊರು ಊರುಗಳನ್ನು ಹೋಲಿಸಿದರು.

ಅವರಿಗೆ ಕಂಡದ್ದು ಇದು. ಹಬ್ಬ ಬಿತ್ತನೆ ಅಥವಾ ಕೊಯ್ಲಿನ ಮುಖ್ಯ ತಿಂಗಳಿಗೆ ಬೀಳುವ ಊರುಗಳಲ್ಲಿ ಮನೆಗಳ ಆದಾಯ ಕಡಿಮೆ. ಒಟ್ಟಾರೆ ಅಭಿವೃದ್ಧಿಯಲ್ಲೂ ಅವು ಹಿಂದೆ. ಬೇಸಾಯದ ಉತ್ಪಾದನೆ ಕುಗ್ಗಿದ್ದು, ಅದರಿಂದಾಗಿ ಜನ ಬೇಸಾಯ ಬಿಟ್ಟು ಬೇರೆ ಕಸುಬಿಗೆ ಹೊರಳುವುದು ನಿಧಾನವಾದದ್ದು ಇದಕ್ಕೆ ಕಾರಣವಿರಬಹುದು ಎನ್ನುತ್ತಾರೆ. ‘ಇರಬಹುದು’ ಅನ್ನೋದು ಅವರದ್ದೇ ಎಚ್ಚರಿಕೆ, ನಾನು ಸೇರಿಸಿದ್ದಲ್ಲ.

ನಷ್ಟ ಇದ್ದರೂ ತಾರೀಖು ಯಾಕೆ ಬದಲಾಗಲಿಲ್ಲ? ಅದೇ ಊರುಗಳಲ್ಲಿ ಜನರ ಧಾರ್ಮಿಕತೆ ಜಾಸ್ತಿ, ಒಬ್ಬರಿಗೊಬ್ಬರು ಆಗುವ ಒಡನಾಟವೂ ಜಾಸ್ತಿ ಎಂದು ಅಧ್ಯಯನ ಕಂಡುಕೊಂಡಿದೆ. ಹಬ್ಬ ಅಲ್ಲೇ ಉಳಿದಿರುವುದಕ್ಕೆ ಅದೂ ಕಾರಣ ಇದ್ದೀತು ಎಂಬುದು ಅವರ ಅಂದಾಜು. ನನಗೆ ಹೆಚ್ಚು ಹಿಡಿಸಿದ ಭಾಗ ಇದೇ. ಆದಾಯದ ಮಾತು ಹೇಳಿ ಇದನ್ನು ಬಿಟ್ಟರೆ ಅರ್ಧ ಸುದ್ದಿ ಹೇಳಿದಂತೆ.

ಒಂದು ಕಡೆ ಎಡವುವುದು ಸುಲಭ. ಈ ಅಧ್ಯಯನ ಹಬ್ಬ ಮಾಡುವವರನ್ನು ಹಬ್ಬ ಮಾಡದವರ ಜೊತೆ ಹೋಲಿಸಿಲ್ಲ. ಹಬ್ಬ ಎಲ್ಲ ಊರಿನಲ್ಲೂ ಇದೆ. ಹೋಲಿಸಿದ್ದು ಹಬ್ಬ ಬರುವ ಕಾಲವನ್ನು ಮಾತ್ರ. ಹಾಗಾಗಿ ‘ಹಬ್ಬ ಮಾಡಿದರೆ ಬಡವರಾಗುತ್ತೀರಿ’ ಎಂದು ಇದರಿಂದ ಹೇಳಲು ಬರುವುದಿಲ್ಲ. ಲೆಕ್ಕ ಊರುಗಳದ್ದು, ಅದೂ ದೀರ್ಘ ಕಾಲದ್ದು. ನಿಮ್ಮ ಪಕ್ಕದ ಮನೆಯವರು ಈ ವರ್ಷ ಎಷ್ಟು ಸಾಲ ಮಾಡಿದರು ಎಂಬುದಕ್ಕೆ ಇದು ಉತ್ತರವಲ್ಲ.

ನಮ್ಮ ಜಿಲ್ಲೆಗೆ ಇದು ಅನ್ವಯಿಸುತ್ತದಾ? ನೇರವಾಗಿ ಇಲ್ಲ. ನಮ್ಮ ಬಹಳಷ್ಟು ಹಬ್ಬಗಳು ಚಾಂದ್ರಮಾನ ಪಂಚಾಂಗದ ಪ್ರಕಾರ ಹಿಂದೆ ಮುಂದೆ ಸರಿಯುತ್ತವೆ. ಅಧಿಕ ಮಾಸ ಬಂದು ಅವನ್ನು ಮತ್ತೆ ಋತುವಿಗೆ ಹೊಂದಿಸುತ್ತದೆ. ಹಾಸನಾಂಬೆಯ ಬಾಗಿಲು ತೆರೆಯುವುದು ಆಶ್ವಯುಜದಲ್ಲಿ, ಬೇಲೂರಿನ ಚೆನ್ನಕೇಶವನ ತೇರು ಚೈತ್ರದಲ್ಲಿ. ಸಕಲೇಶಪುರದ ಕಡೆ ಸುಗ್ಗಿ ಹಬ್ಬ ಬರುವ ಹೊತ್ತಿಗೆ ಭತ್ತದ ಕೊಯ್ಲು ಮುಗಿದು ತಿಂಗಳುಗಳೇ ಆಗಿರುತ್ತವೆ. ಇವ್ಯಾವನ್ನೂ ಆ ಸಂಶೋಧಕರು ನೋಡಿಲ್ಲ. ಮೆಕ್ಸಿಕೊದ ಫಲಿತಾಂಶವನ್ನು ತಂದು ಇಲ್ಲಿನ ಜಾತ್ರೆಗೆ ಅಂಟಿಸಿದರೆ ಅದು ಅಧ್ಯಯನದ ಮಾತಲ್ಲ, ನಮ್ಮ ಮಾತಾಗುತ್ತದೆ.

– ಅರ್ಥಶಾಸ್ತ್ರ ಉಪನ್ಯಾಸಕಿ, ಹಾಸನ

ಸುದ್ದಿಮನೆಗೆ ಮಾತ್ರ, ಅಚ್ಚಿಗೆ ಬೇಡ: ಸರ್, ಜಾಗ ಸಾಲದಿದ್ದರೆ ಸಂತರ ತಾರೀಖುಗಳನ್ನು ತೆಗೆಯಿರಿ. ‘ಒಂದು ಕಡೆ ಎಡವುವುದು ಸುಲಭ’ ಎಂಬಲ್ಲಿಂದ ಶುರುವಾಗುವ ಪ್ಯಾರಾ ಮತ್ತು ಒಡನಾಟದ ಪ್ಯಾರಾ ದಯವಿಟ್ಟು ಇರಲಿ. ತಲೆಬರಹ ಬದಲಿಸುವುದಾದರೆ ‘ಹಬ್ಬದಿಂದ ಬಡತನ’ ಅಂತ ಮಾತ್ರ ಹಾಕಬೇಡಿ. ‘ಕಾಲ’ ಅಥವಾ ‘ತಿಂಗಳು’ ಎಂಬ ಪದ ತಲೆಬರಹದಲ್ಲೇ ಬರಲಿ. ಚಿತ್ರಕ್ಕೆ ಹಾಸನಾಂಬೆ ದರ್ಶನದ ಸಾಲು ಬೇಡ. ಓದುವವರು ಅಲ್ಲಿನ ಜನರ ಬಗ್ಗೆಯೇ ಬರೆದದ್ದು ಅಂದುಕೊಳ್ಳುತ್ತಾರೆ. ಮೆಕ್ಸಿಕೊದ ಜೋಳದ ಹೊಲದ ಫೋಟೊ ಸಿಕ್ಕರೆ ಸಾಕು. ಪುಟ ಕಟ್ಟುವ ಮೊದಲು ಒಂದು ಫೋನ್ ಮಾಡಿ, ರಾತ್ರಿ ಹತ್ತರವರೆಗೂ ಎದ್ದಿರುತ್ತೇನೆ.