ಕಾರ್ಯತಂತ್ರ ಸಭೆಯ ನಿರ್ಧಾರಗಳ ದಾಖಲೆ

ದಿನ: 28 ಫೆಬ್ರವರಿ 2026, ಶನಿವಾರ, ಬೆಳಿಗ್ಗೆ 9.30ರಿಂದ ಸಂಜೆ 6.15
ಸ್ಥಳ: ಪ್ರಧಾನ ಕಚೇರಿ, ಚಿಕ್ಕಮಗಳೂರು
ಇವರಿಗೆ: ವ್ಯವಸ್ಥಾಪಕ ನಿರ್ದೇಶಕರು, ಹಣಕಾಸು, ರಫ್ತು, ಕ್ಯೂರಿಂಗ್ ವರ್ಕ್ಸ್ ಮತ್ತು ಸಿಬ್ಬಂದಿ ವಿಭಾಗಗಳ ಮುಖ್ಯಸ್ಥರು
ಬರೆದವರು: ಖರೀದಿ ವಿಭಾಗದ ಮುಖ್ಯಸ್ಥರು

ಸಭೆಗೆ ಅಧಿಕೃತ ಕಾರ್ಯದರ್ಶಿ ಇರಲಿಲ್ಲ. ನನ್ನ ಮತ್ತು ಹಣಕಾಸು ಮುಖ್ಯಸ್ಥರ ಟಿಪ್ಪಣಿಗಳನ್ನು ಬಿಳಿ ಹಲಗೆಯ ಫೋಟೋಗಳ ಜೊತೆ ತಾಳೆ ನೋಡಿ ಇದನ್ನು ಬರೆದಿದ್ದೇನೆ. ಚರ್ಚೆಯನ್ನು ಬಿಟ್ಟು ತೀರ್ಮಾನಗಳನ್ನು ಮಾತ್ರ ದಾಖಲಿಸಿದ್ದೇನೆ. ತಿದ್ದುಪಡಿ ಇದ್ದರೆ ಮಾರ್ಚ್ 4, ಬುಧವಾರ ಸಂಜೆಯೊಳಗೆ ಎಲ್ಲರಿಗೂ ತಲುಪುವಂತೆ ಬರೆದು ತಿಳಿಸಿ. ಅದರ ನಂತರ ಇದೇ ದಾಖಲೆಯಂತೆ ಕೆಲಸ ನಡೆಯುತ್ತದೆ.

1. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ

2026–27ರ ಹಂಗಾಮಿನಿಂದ ಐರೋಪ್ಯ ಒಕ್ಕೂಟಕ್ಕೆ ಹೋಗುವ ಕಾಫಿಯ ಪ್ರತಿ ಲಾಟಿಗೂ ಅದು ಬೆಳೆದ ತೋಟದ ಸ್ಥಳ ಗುರುತು ಇರಲೇಬೇಕು. ಅಲ್ಲಿನ ದೊಡ್ಡ ಮತ್ತು ಮಧ್ಯಮ ಆಮದುದಾರರಿಗೆ ನಿಯಮ 2026ರ ಡಿಸೆಂಬರ್ 30ರಿಂದ ಅನ್ವಯಿಸುತ್ತದೆ. ಈಗಾಗಲೇ ಎರಡು ಬಾರಿ ಮುಂದಕ್ಕೆ ಹೋದ ಗಡುವು ಮತ್ತೊಮ್ಮೆ ಹೋಗಬಹುದು ಎಂಬ ವಾದವನ್ನು ವ್ಯವಸ್ಥಾಪಕ ನಿರ್ದೇಶಕರು ಒಪ್ಪಲಿಲ್ಲ. ನವೆಂಬರ್‌ನಲ್ಲಿ ಕೊಯ್ದ ಅರೇಬಿಕಾ ಹಡಗು ಹತ್ತುವ ಹೊತ್ತಿಗೆ ಗಡುವು ಕಳೆದಿರುತ್ತದೆ. ಗುರುತಿಲ್ಲದ ನಾಲ್ಕು ಮೂಟೆ ಬೆರೆತರೆ ಇಡೀ ಕಂಟೇನರ್‌ನ ಸರಕು ನಿಲ್ಲುತ್ತದೆ.

ಅದರಂತೆ:
– ನಾಲ್ಕು ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದು ಬಿಂದುವಿನ ಅಕ್ಷಾಂಶ–ರೇಖಾಂಶ, ಅದಕ್ಕಿಂತ ದೊಡ್ಡ ತೋಟಕ್ಕೆ ಪೂರ್ಣ ಗಡಿಯ ಗುರುತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿಯನ್ನು ಈ ಮಾರಾಟಕ್ಕೆ ಕೊಳ್ಳುವುದಿಲ್ಲ. ಹೊಣೆ: ಖರೀದಿ ವಿಭಾಗ. ಸೆಪ್ಟೆಂಬರ್ 30ರೊಳಗೆ ಮುಗಿಯಬೇಕು.
– ಇದಕ್ಕಾಗಿ 12 ತಾತ್ಕಾಲಿಕ ಕ್ಷೇತ್ರ ಸಿಬ್ಬಂದಿ ಮತ್ತು 38 ಲಕ್ಷ ರೂಪಾಯಿ ಮಂಜೂರಾಗಿದೆ.
– ಎರಡನೇ ಗೋದಾಮನ್ನು ಗುರುತಾದ ಕಾಫಿಗೆ ಮಾತ್ರ ಮೀಸಲಿಡಬೇಕು. ಹೊಣೆ: ಕ್ಯೂರಿಂಗ್ ವರ್ಕ್ಸ್. ಅಕ್ಟೋಬರ್ 15.
– ಬೆಳೆಗಾರರ ಪಟ್ಟಿ ಕೊಡದ ವ್ಯಾಪಾರಿಗಳ ಕಾಫಿ ಅಕ್ಟೋಬರ್ 1ರಿಂದ ದೇಶೀಯ ಮಾರುಕಟ್ಟೆಗೆ ಅಥವಾ ಇತರ ದೇಶಗಳಿಗೆ ಮಾತ್ರ.

ತೋಟದ ಗುರುತು ಕೊಡಲು ಬೆಳೆಗಾರರಿಂದ ಶುಲ್ಕ ಪಡೆಯುವಂತಿಲ್ಲ. ಕೊನೆಯ ಗಳಿಗೆಯಲ್ಲಿ ಬಂದ ಮಾತಾದರೂ ಇದು ತೀರ್ಮಾನವೇ. ಎರಡೂ ಟಿಪ್ಪಣಿಗಳಲ್ಲಿ ಇದೆ.

2. ದಾಸ್ತಾನಿನ ಮಿತಿ

ಮಾರಾಟ ಒಪ್ಪಂದವಿಲ್ಲದ ಕಾಫಿ ಯಾವ ದಿನವೂ 400 ಟನ್ ಮೀರಬಾರದು. ಮೀರಬೇಕಾದರೆ ವ್ಯವಸ್ಥಾಪಕ ನಿರ್ದೇಶಕರು ಮತ್ತು ಹಣಕಾಸು ಮುಖ್ಯಸ್ಥರು ಇಬ್ಬರೂ ಬರೆದು ಒಪ್ಪಬೇಕು. ಇಂದಿನಿಂದಲೇ ಜಾರಿ.

3. ಹೊಸ ಕಲರ್ ಸಾರ್ಟರ್

85 ಲಕ್ಷ ರೂಪಾಯಿ ಮಿತಿಯೊಳಗೆ ಒಂದು ಯಂತ್ರ ಕೊಳ್ಳಲು ಒಪ್ಪಿಗೆ ಸಿಕ್ಕಿದೆ. ಎರಡನೆಯ ಯಂತ್ರದ ಬಗ್ಗೆ ತೀರ್ಮಾನವಾಗಿಲ್ಲ; ಅದಕ್ಕೆ ದರಪಟ್ಟಿ ತರಿಸುವುದೂ ಬೇಡ.

ಬೀಜ ಆರಿಸುವ 46 ಮಹಿಳೆಯರ ವಿಚಾರದಲ್ಲಿ ಸ್ಪಷ್ಟತೆ ಬೇಕು. ಯಂತ್ರ ಬಂದ ಕಾರಣಕ್ಕೆ ಯಾರನ್ನೂ ತೆಗೆಯುವುದಿಲ್ಲ ಎಂದು ವ್ಯವಸ್ಥಾಪಕ ನಿರ್ದೇಶಕರು ಹೇಳಿದರು. ಹಂಗಾಮಿ ಕೆಲಸಗಾರರೂ ಸೇರಿದಂತೆ ಎಲ್ಲರಿಗೂ ಎಂದು ನಾನು ಮತ್ತು ಸಿಬ್ಬಂದಿ ಮುಖ್ಯಸ್ಥರು ಅರ್ಥ ಮಾಡಿಕೊಂಡೆವು. ಖಾಯಂ ಕೆಲಸಗಾರರಿಗೆ ಮಾತ್ರ ಎಂದು ಕ್ಯೂರಿಂಗ್ ವರ್ಕ್ಸ್ ಮುಖ್ಯಸ್ಥರು ತಿಳಿದಿದ್ದಾರೆ. ಈ ಮಹಿಳೆಯರಲ್ಲಿ 31 ಮಂದಿ ಹಂಗಾಮಿಗಳು, ಹಲವರು ವರ್ಷಗಳಿಂದ ನಮ್ಮಲ್ಲೇ ದುಡಿದವರು. ಕೊಟ್ಟ ಮಾತು ಅವರಿಗೂ ಅನ್ವಯಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ವ್ಯವಸ್ಥಾಪಕ ನಿರ್ದೇಶಕರು ಬುಧವಾರದೊಳಗೆ ಒಂದು ಸಾಲಿನಲ್ಲಿ ಸ್ಪಷ್ಟಪಡಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಯಂತ್ರದ ಆರ್ಡರ್ ಹೋಗದಿರಲಿ.

4. ಕಾಫಿ ಪುಡಿ ಪೊಟ್ಟಣದ ವ್ಯವಹಾರ

ಈ ವರ್ಷ ಇಳಿಯುವುದಿಲ್ಲ. ರಫ್ತು ಮುಖ್ಯಸ್ಥರು ಒಪ್ಪಲಿಲ್ಲ; ಅವರ ಕೋರಿಕೆಯಂತೆ ಭಿನ್ನಾಭಿಪ್ರಾಯ ದಾಖಲಿಸಲಾಗಿದೆ. 2027ರ ಜನವರಿಗೆ ಮೊದಲು ಮತ್ತೆ ಎತ್ತುವಂತಿಲ್ಲ.

ತೀರ್ಮಾನವಾಗದೆ ಉಳಿದದ್ದು

ಕುಶಾಲನಗರದಲ್ಲಿ ಗೋದಾಮು ಬಾಡಿಗೆಗೆ ಹಿಡಿಯುವ ವಿಚಾರವನ್ನು ಬಹಳ ಹೊತ್ತು ಚರ್ಚಿಸಿದರೂ ತೀರ್ಮಾನಕ್ಕೆ ಬರಲಿಲ್ಲ. ಯಾರೂ ಮಾಲೀಕರಿಗೆ ಮುಂಗಡದ ಮಾತು ಕೊಡಬಾರದು. ಹಣಕಾಸು ಮುಖ್ಯಸ್ಥರು ವೆಚ್ಚದ ಲೆಕ್ಕವನ್ನು ಮಾರ್ಚ್ 20ರೊಳಗೆ ಕಳುಹಿಸುತ್ತಾರೆ. ಏಪ್ರಿಲ್ 4ರ ಶನಿವಾರ ಬೆಳಿಗ್ಗೆ 10ಕ್ಕೆ ಮತ್ತೆ ಸೇರುತ್ತೇವೆ. ಅಂದಿನ ದಾಖಲೆಯನ್ನು ಸಿಬ್ಬಂದಿ ಮುಖ್ಯಸ್ಥರು ಬರೆಯಲು ಒಪ್ಪಿದ್ದಾರೆ.